ಪೂರೈಕೆದಾರರ ಸರ್ವರಿನಲ್ಲಿ ನಡೆಯುವ ತಂತ್ರಾಂಶ ಕೊಳ್ಳುವಾಗ ಟೆಂಡರಿನ ಭದ್ರತಾ ಷರತ್ತುಗಳು: ಪದೇ ಪದೇ ಕೇಳುವ ಪ್ರಶ್ನೆಗಳು

ತಂತ್ರಾಂಶ ನಮ್ಮ ಕಚೇರಿಯ ಕಂಪ್ಯೂಟರಿನಲ್ಲಿ ಇರುವುದಿಲ್ಲ. ಪೂರೈಕೆದಾರರು ಅದನ್ನು ಕ್ಲೌಡ್‌ನಲ್ಲಿ ನಡೆಸುತ್ತಾರೆ, ನಾವು ಬ್ರೌಸರಿನಲ್ಲಿ ತೆರೆದು ಬಳಸುತ್ತೇವೆ, ವರ್ಷಕ್ಕಿಷ್ಟು ಎಂದು ಹಣ ಕಟ್ಟುತ್ತೇವೆ. ಇಂಥ ತಂತ್ರಾಂಶಕ್ಕೆ ಟೆಂಡರ್ ಕರೆಯುವಾಗ ಭದ್ರತೆಯ ಭಾಗದಲ್ಲಿ ಏನು ಬರೆಯಬೇಕು ಎಂದು ಖರೀದಿ ವಿಭಾಗದವರು, ಲೆಕ್ಕಪತ್ರ ಶಾಖೆಯವರು, ಸಣ್ಣ ಸಂಸ್ಥೆಗಳ ಕಾರ್ಯದರ್ಶಿಗಳು ಮತ್ತೆ ಮತ್ತೆ ಕೇಳುವ ಪ್ರಶ್ನೆಗಳಿಗೆ ಇಲ್ಲಿ ಉತ್ತರಗಳಿವೆ. ಮಾತು ಗಾಳಿಯಲ್ಲಿ ತೇಲದಿರಲಿ ಎಂದು ಒಂದೇ ಸಂದರ್ಭವನ್ನು ಉದ್ದಕ್ಕೂ ಇಟ್ಟುಕೊಂಡಿದ್ದೇನೆ: ಸುಮಾರು 600 ನೌಕರರಿರುವ ಜಿಲ್ಲಾ ಮಟ್ಟದ ಒಂದು ಸಹಕಾರ ಸಂಸ್ಥೆ, ಮೂರು ವರ್ಷದ ಒಪ್ಪಂದದ ಮೇಲೆ, ವೇತನ ಮತ್ತು ಹಾಜರಾತಿಯ ತಂತ್ರಾಂಶವನ್ನು ಕೊಳ್ಳಲು ಹೊರಟಿದೆ.

## ಷರತ್ತು ಬರೆಯಲು ಕುಳಿತಾಗ ಮೊದಲು ಎಲ್ಲಿಂದ ಆರಂಭಿಸಬೇಕು?

ತಂತ್ರಾಂಶದೊಳಗೆ ಯಾವ ಮಾಹಿತಿ ಹೋಗುತ್ತದೆ ಎಂಬ ಪಟ್ಟಿಯಿಂದ. ಭದ್ರತೆಯ ಷರತ್ತುಗಳೆಲ್ಲ ಈ ಪಟ್ಟಿಯ ಮೇಲೆ ನಿಲ್ಲುತ್ತವೆ, ಆದರೂ ಬಹುತೇಕ ಟೆಂಡರ್ ದಾಖಲೆಗಳಲ್ಲಿ ಇದು ಕಾಣುವುದೇ ಇಲ್ಲ.

ವೇತನದ ತಂತ್ರಾಂಶ ಎಂದಾಗ ಹೆಸರು, ಹುದ್ದೆ, ಮೂಲ ವೇತನ ಇಷ್ಟೇ ನೆನಪಾಗುತ್ತದೆ. ನಿಜವಾಗಿ ಒಳಗೆ ಹೋಗುವುದು ಅದಕ್ಕಿಂತ ಬಹಳ ಹೆಚ್ಚು. ಬ್ಯಾಂಕ್ ಖಾತೆ ಸಂಖ್ಯೆ, ಪ್ಯಾನ್, ಭವಿಷ್ಯನಿಧಿಯ ಯುಎಎನ್ ಇವೆಲ್ಲ ಇರುತ್ತವೆ. ಆದಾಯ ತೆರಿಗೆಯ ಲೆಕ್ಕಕ್ಕೆ ನೌಕರರು ಕೊಡುವ ಬಾಡಿಗೆ ರಸೀದಿಯಲ್ಲಿ ಮನೆ ಮಾಲೀಕರ ಪ್ಯಾನ್ ಇರಬಹುದು. ಅಂಗವೈಕಲ್ಯದ ವಿನಾಯಿತಿ ಕೇಳಿದವರ ವೈದ್ಯಕೀಯ ಪ್ರಮಾಣಪತ್ರ ಇರುತ್ತದೆ. ಬೆರಳಚ್ಚಿನ ಹಾಜರಾತಿ ಯಂತ್ರವನ್ನು ಜೋಡಿಸಿದರೆ ಬೆರಳಚ್ಚಿನ ಮಾದರಿಯೂ ಹೋಗಬಹುದು. ಪಾಸ್‌ವರ್ಡ್ ಸೋರಿದರೆ ಬದಲಾಯಿಸಿಕೊಳ್ಳಬಹುದು, ಬೆರಳಚ್ಚನ್ನು ಯಾರೂ ಬದಲಾಯಿಸಿಕೊಳ್ಳಲಾರರು. ಆದ್ದರಿಂದ ಬೆರಳಚ್ಚಿನ ಮಾದರಿ ಕಚೇರಿಯ ಯಂತ್ರದಲ್ಲೇ ಉಳಿಯಬೇಕು, ಕ್ಲೌಡ್‌ಗೆ ನೌಕರರ ಸಂಖ್ಯೆ ಮತ್ತು ಸಮಯ ಮಾತ್ರ ಹೋಗಬೇಕು ಎಂದು ಷರತ್ತಿನಲ್ಲೇ ಬರೆಯಬೇಕು.

ಪಟ್ಟಿ ಸಿದ್ಧವಾದ ಮೇಲೆ ಒಂದೊಂದನ್ನೂ ಹಿಡಿದು, ಇದು ಹೋಗಲೇಬೇಕೇ ಎಂದು ಕೇಳಿಕೊಳ್ಳಿ. ಭವಿಷ್ಯನಿಧಿಗೆ ಪ್ರತಿ ತಿಂಗಳು ಸಲ್ಲಿಸುವ ಕಡತಕ್ಕೆ ಯುಎಎನ್ ಸಾಕು, ಆಧಾರ್ ಸಂಖ್ಯೆ ಬೇಕಿಲ್ಲ. ಹಾಗಿದ್ದರೆ 600 ಜನರ ಆಧಾರ್ ಸಂಖ್ಯೆಯನ್ನು ಇನ್ನೊಬ್ಬರ ಸರ್ವರಿನಲ್ಲಿ ಮೂರು ವರ್ಷ ಇಡುವ ಅಗತ್ಯವೇನು? ಒಳಗೆ ಹೋಗದ ಮಾಹಿತಿ ಅಲ್ಲಿಂದ ಸೋರುವುದಿಲ್ಲ. ಇಷ್ಟು ಅಗ್ಗವಾದ ಭದ್ರತೆ ಬೇರೊಂದಿಲ್ಲ.

## ಹಿಂದಿನ ಟೆಂಡರಿನ ಭದ್ರತಾ ಭಾಗವನ್ನೇ ನಕಲು ಮಾಡಬಹುದೇ?

ಬೇಡ. ಹಳೆಯ ದಾಖಲೆಗಳು ಸಾಮಾನ್ಯವಾಗಿ ನಮ್ಮದೇ ಸರ್ವರ್ ಕೋಣೆಯನ್ನು ಮನಸ್ಸಿನಲ್ಲಿಟ್ಟುಕೊಂಡು ಬರೆದವು. ಸರ್ವರಿನಲ್ಲಿ ಇಂಥ ಆಂಟಿವೈರಸ್ ಇರಬೇಕು, ಇಂಥ ಸಾಮರ್ಥ್ಯದ ಫೈರ್‌ವಾಲ್ ಒದಗಿಸಬೇಕು ಎಂಬ ಸಾಲುಗಳು ಅಲ್ಲಿರುತ್ತವೆ. ಪೂರೈಕೆದಾರರ ಸರ್ವರಿನಲ್ಲಿ ನಡೆಯುವ ತಂತ್ರಾಂಶಕ್ಕೆ ಇವನ್ನು ಹಾಕಿದರೆ ಬಿಡ್ ಸಲ್ಲಿಸುವವರೆಲ್ಲ ‘ಒಪ್ಪಿದೆ’ ಎಂದು ಗುರುತು ಹಾಕಿ ಕೊಡುತ್ತಾರೆ. ಅದನ್ನು ನಾವು ನೋಡುವ ದಾರಿಯೇ ಇಲ್ಲ. ಅದೇ ವೇಳೆ, ನಿಜವಾಗಿ ಬೇಕಾದ ಪ್ರಶ್ನೆಗಳು ಬಿಟ್ಟುಹೋಗುತ್ತವೆ: ಇದೇ ಡೇಟಾಬೇಸಿನಲ್ಲಿ ಬೇರೆ ಗ್ರಾಹಕರ ಮಾಹಿತಿಯೂ ಇದೆಯೇ, ಪೂರೈಕೆದಾರರ ನೌಕರರಲ್ಲಿ ಎಷ್ಟು ಜನ ನಮ್ಮ ವೇತನ ಪಟ್ಟಿಯನ್ನು ತೆರೆಯಬಲ್ಲರು, ಒಪ್ಪಂದ ಮುಗಿದ ಮೇಲೆ ನಮ್ಮ ಮಾಹಿತಿ ಏನಾಗುತ್ತದೆ?

## ಒಳ್ಳೆಯ ಷರತ್ತಿಗೂ ಕೆಟ್ಟ ಷರತ್ತಿಗೂ ವ್ಯತ್ಯಾಸವೇನು?

‘ತಂತ್ರಾಂಶವು ಉತ್ತಮ ಗುಣಮಟ್ಟದ ಭದ್ರತೆಯನ್ನು ಹೊಂದಿರಬೇಕು’ ಎಂಬ ಸಾಲನ್ನು ಯಾರೂ ಉಲ್ಲಂಘಿಸಲಾರರು, ಏಕೆಂದರೆ ಅದರಲ್ಲಿ ಏನೂ ಇಲ್ಲ. ‘ಮಾಹಿತಿಯು ಎನ್‌ಕ್ರಿಪ್ಟ್ ಆಗಿರಬೇಕು’ ಎಂಬುದು ಅದಕ್ಕಿಂತ ಮೇಲು, ಆದರೂ ಸಾಲದು. ಯಾವ ಮಾಹಿತಿ, ಎಲ್ಲಿರುವಾಗ, ಯಾರು ನೋಡಿ ಹೌದೆನ್ನಬೇಕು, ಇಲ್ಲವಾದರೆ ಏನು ಎಂಬುದು ಅದರಲ್ಲಿಲ್ಲ.

ಪ್ರತಿ ಷರತ್ತಿನಲ್ಲೂ ನಾಲ್ಕು ಸಂಗತಿಗಳು ಇರಬೇಕು ಎಂಬುದು ನನ್ನ ದೃಢವಾದ ಅಭಿಪ್ರಾಯ: ಏನು ಬೇಕು, ಅದಕ್ಕೆ ಯಾವ ಪುರಾವೆ, ಯಾವಾಗ ಪರಿಶೀಲನೆ, ತಪ್ಪಿದರೆ ಪರಿಣಾಮವೇನು. ಎನ್‌ಕ್ರಿಪ್ಷನ್ನಿನ ಷರತ್ತನ್ನೇ ಹೀಗೆ ಬರೆಯಬಹುದು. ಇದರಲ್ಲಿ ಟಿಎಲ್‌ಎಸ್ ಎಂಬುದು ದಾರಿಯಲ್ಲಿ ಸಾಗುವ ಮಾಹಿತಿಯನ್ನು ಬೇರೆಯವರು ಓದದಂತೆ ಮುಚ್ಚುವ ವಿಧಾನ, ಎಇಎಸ್-256 ಎಂಬುದು ಸಂಗ್ರಹಿಸಿಟ್ಟ ಮಾಹಿತಿಯನ್ನು ಕೀಲಿಯಿಲ್ಲದೆ ಓದಲಾಗದಂತೆ ಮಾಡುವ ವಿಧಾನ:

> ಬ್ರೌಸರ್, ಮೊಬೈಲ್ ಆ್ಯಪ್ ಮತ್ತು ಹಾಜರಾತಿ ಯಂತ್ರಗಳಿಂದ ತಂತ್ರಾಂಶಕ್ಕೆ ಆಗುವ ಎಲ್ಲ ಸಂಪರ್ಕವೂ ಟಿಎಲ್‌ಎಸ್ 1.2 ಅಥವಾ ಅದರ ನಂತರದ ಆವೃತ್ತಿಯಲ್ಲಿರಬೇಕು. ಹಳೆಯ ಆವೃತ್ತಿಗಳನ್ನು ಸರ್ವರ್ ನಿರಾಕರಿಸಬೇಕು. ಡೇಟಾಬೇಸ್, ನೌಕರರು ಲಗತ್ತಿಸಿದ ಕಡತಗಳು ಮತ್ತು ಬ್ಯಾಕಪ್‌ಗಳು ಎಇಎಸ್-256ರಲ್ಲಿ ಎನ್‌ಕ್ರಿಪ್ಟ್ ಆಗಿರಬೇಕು. ಪುರಾವೆ: ಬಿಡ್ ಜೊತೆಗೆ, ಕೀಲಿಗಳನ್ನು ಎಲ್ಲಿಡಲಾಗಿದೆ ಮತ್ತು ಯಾವ ಹುದ್ದೆಯವರು ಬಳಸಬಲ್ಲರು ಎಂಬ ಒಂದು ಪುಟದ ವಿವರಣೆ. ಪರಿಶೀಲನೆ: ಪ್ರಾತ್ಯಕ್ಷಿಕೆಯ ದಿನ ಮತ್ತು ಆಮೇಲೆ ಪ್ರತಿ ವರ್ಷ ಖರೀದಿದಾರರಿಂದ. ದೋಷ ಕಂಡುಬಂದರೆ 15 ದಿನದೊಳಗೆ ಸರಿಪಡಿಸಬೇಕು. ತಪ್ಪಿದಲ್ಲಿ ಸರಿಪಡಿಸುವವರೆಗೆ ಮುಂದಿನ ಕಂತನ್ನು ತಡೆಹಿಡಿಯಲಾಗುವುದು.

ಮೊದಲ ಭಾಗವನ್ನು ನಮ್ಮ ಕಚೇರಿಯ ಕಂಪ್ಯೂಟರ್ ಸಿಬ್ಬಂದಿಯೇ ಒಂದು ನಿಮಿಷದಲ್ಲಿ ಪರೀಕ್ಷಿಸಬಹುದು. ಹಳೆಯ ಆವೃತ್ತಿಯಲ್ಲಿ ಸಂಪರ್ಕ ಕೇಳಿ ನೋಡುವ ಆದೇಶ ಇದು; ವಿಳಾಸದ ಜಾಗದಲ್ಲಿ ಬಿಡ್‌ದಾರರ ವಿಳಾಸವನ್ನು ಹಾಕಿಕೊಳ್ಳಬೇಕು:

```
openssl s_client -connect demo.example.com:443 -tls1_1 -cipher 'DEFAULT:@SECLEVEL=0'
```

ಉತ್ತರದಲ್ಲಿ `alert protocol version` ಎಂದು ಬಂದರೆ ಸರ್ವರ್ ಹಳೆಯ ಆವೃತ್ತಿಯನ್ನು ನಿರಾಕರಿಸಿದೆ, ನಮಗೆ ಬೇಕಾದದ್ದು ಅದೇ. ಸರ್ಟಿಫಿಕೇಟಿನ ವಿವರ ಬಂದು, ಟಿಎಲ್‌ಎಸ್ 1.1ರಲ್ಲೇ ಸಂಪರ್ಕ ಏರ್ಪಟ್ಟರೆ ಷರತ್ತು ಮುರಿದಂತೆ. `no protocols available` ಎಂದು ಬಂದರೆ ಅವಸರಪಟ್ಟು ತೀರ್ಪು ಕೊಡಬೇಡಿ. ನಮ್ಮ ಕಂಪ್ಯೂಟರೇ ಹಳೆಯ ಆವೃತ್ತಿಯನ್ನು ಬಿಟ್ಟುಬಿಟ್ಟಿದೆ, ಪ್ರಶ್ನೆ ಸರ್ವರಿನವರೆಗೆ ಹೋಗಿಯೇ ಇಲ್ಲ ಎಂದು ಅದರ ಅರ್ಥ.

ಎನ್‌ಕ್ರಿಪ್ಷನ್ನಿನ ಮಿತಿಯೂ ಗೊತ್ತಿರಲಿ. ಡೇಟಾಬೇಸನ್ನು ಎನ್‌ಕ್ರಿಪ್ಟ್ ಮಾಡಿದರೆ ಡಿಸ್ಕ್ ಅಥವಾ ಬ್ಯಾಕಪ್ ಕದ್ದವರಿಂದ ರಕ್ಷಣೆ ಸಿಗುತ್ತದೆ. ಸರಿಯಾದ ಪಾಸ್‌ವರ್ಡ್ ಹಾಕಿ ಮುಂಬಾಗಿಲಿನಿಂದಲೇ ಬಂದವರಿಗೆ ತಂತ್ರಾಂಶ ತಾನೇ ಎಲ್ಲವನ್ನೂ ಬಿಚ್ಚಿ ತೋರಿಸುತ್ತದೆ. ಆ ದಾರಿಯನ್ನು ಕಾಯುವ ಷರತ್ತುಗಳು ಬೇರೆ, ಅವು ಮುಂದೆ ಬರುತ್ತವೆ.

## ಐಎಸ್‌ಒ 27001 ಪ್ರಮಾಣಪತ್ರ ಕೇಳಿದರೆ ಎಲ್ಲವೂ ಸೇರಿಹೋಗುವುದಿಲ್ಲವೇ?

ಇಲ್ಲ. ಸಂಸ್ಥೆಯೊಂದು ಮಾಹಿತಿಯ ಭದ್ರತೆಯನ್ನು ಹೇಗೆ ನಿರ್ವಹಿಸಬೇಕು ಎಂಬುದರ ಅಂತರರಾಷ್ಟ್ರೀಯ ಮಾನದಂಡ ಅದು. ಅತಿ ಹೆಚ್ಚು ಸಂಸ್ಥೆಗಳು ಎಡವುವ ಜಾಗ ಇದೇ ಆದ್ದರಿಂದ ಸ್ವಲ್ಪ ವಿವರವಾಗಿ ಹೇಳುತ್ತೇನೆ.

ಮೊದಲು ನೋಡಬೇಕಾದದ್ದು ಪ್ರಮಾಣಪತ್ರ ಯಾರ ಹೆಸರಿನಲ್ಲಿದೆ ಎಂಬುದನ್ನು. ತಂತ್ರಾಂಶ ಮಾಡಿದ ಸಂಸ್ಥೆ ಒಂದು, ಅದು ಸರ್ವರ್ ಬಾಡಿಗೆ ಪಡೆದ ಕ್ಲೌಡ್ ಸಂಸ್ಥೆ ಇನ್ನೊಂದು. ಬಿಡ್ ಜೊತೆ ಬರುವ ಪ್ರಮಾಣಪತ್ರ ಎಷ್ಟೋ ಸಲ ಕ್ಲೌಡ್ ಸಂಸ್ಥೆಯದಾಗಿರುತ್ತದೆ. ಅದು ಸುಳ್ಳಲ್ಲ, ಆದರೆ ಅದು ಹೇಳುವುದು ಕಟ್ಟಡ, ವಿದ್ಯುತ್, ಯಂತ್ರಗಳ ಕಾವಲಿನ ಬಗ್ಗೆ. ತಂತ್ರಾಂಶದ ಕೋಡ್ ಬರೆದವರು, ಗ್ರಾಹಕರ ಕರೆಗೆ ಉತ್ತರಿಸುವವರು, ಡೇಟಾಬೇಸಿನ ಪಾಸ್‌ವರ್ಡ್ ಇಟ್ಟುಕೊಂಡವರು ಆ ಪ್ರಮಾಣಪತ್ರದ ಹೊರಗಿದ್ದಾರೆ. ಬ್ಯಾಂಕಿನ ಲಾಕರ್ ಕೋಣೆ ಎಷ್ಟೇ ಭದ್ರವಾಗಿದ್ದರೂ ಲಾಕರಿನ ಕೀಲಿಯನ್ನು ಬಾಡಿಗೆದಾರರು ಎಲ್ಲಿಡುತ್ತಾರೆ ಎಂಬುದನ್ನು ಬ್ಯಾಂಕು ಹೇಳಲಾರದು, ಇದೂ ಹಾಗೆಯೇ. ಆದ್ದರಿಂದ ‘ಪ್ರಮಾಣಪತ್ರವು ಬಿಡ್‌ದಾರರ ಹೆಸರಿನಲ್ಲಿರಬೇಕು; ನಮಗೆ ಒದಗಿಸುವ ತಂತ್ರಾಂಶದ ಅಭಿವೃದ್ಧಿ, ನಿರ್ವಹಣೆ ಮತ್ತು ಗ್ರಾಹಕ ಸೇವೆ ಅದರ ವ್ಯಾಪ್ತಿಯಲ್ಲಿರಬೇಕು’ ಎಂದು ಬರೆಯಿರಿ.

ವ್ಯಾಪ್ತಿಯ ಸಾಲನ್ನು ಓದುವುದು ಎರಡನೆಯ ಕೆಲಸ. ಪ್ರಮಾಣಪತ್ರದ ಮೇಲೆ ಒಂದೆರಡು ಸಾಲಿನಲ್ಲಿ ಅದು ಮುದ್ರಿತವಾಗಿರುತ್ತದೆ. ಅಲ್ಲಿ ‘ಮಾನವ ಸಂಪನ್ಮೂಲ ಮತ್ತು ಆಡಳಿತ ವಿಭಾಗ’ ಎಂದಷ್ಟೇ ಇದ್ದರೆ ತಂತ್ರಾಂಶದ ಬಗ್ಗೆ ಅದು ಒಂದು ಮಾತನ್ನೂ ಹೇಳುತ್ತಿಲ್ಲ. ಜೊತೆಗೆ ಅನ್ವಯಿಕತೆಯ ಹೇಳಿಕೆಯನ್ನೂ ಕೇಳಬೇಕು. 2022ರ ಆವೃತ್ತಿಯ ಅನುಬಂಧದಲ್ಲಿ 93 ನಿಯಂತ್ರಣಗಳಿವೆ. ಅವುಗಳಲ್ಲಿ ಯಾವುದನ್ನು ಅಳವಡಿಸಿಕೊಂಡಿದ್ದಾರೆ, ಯಾವುದನ್ನು ಏಕೆ ಬಿಟ್ಟಿದ್ದಾರೆ ಎಂಬ ಪಟ್ಟಿ ಅದು. ಸುರಕ್ಷಿತ ಕೋಡ್ ಬರವಣಿಗೆಯ ನಿಯಂತ್ರಣವನ್ನೇ ‘ಅನ್ವಯಿಸುವುದಿಲ್ಲ’ ಎಂದು ಬಿಟ್ಟ ತಂತ್ರಾಂಶ ಸಂಸ್ಥೆಯ ಜೊತೆ ಮಾತು ಮುಂದುವರಿಸುವ ಅಗತ್ಯವಿಲ್ಲ. 2013ರ ಆವೃತ್ತಿಯ ಪ್ರಮಾಣಪತ್ರಗಳಿಗೆ 2025ರ ಅಕ್ಟೋಬರ್ 31ಕ್ಕೆ ಗಡುವು ಮುಗಿದಿದೆ, ಅಂಥದ್ದು ಬಂದರೆ ಒಪ್ಪಬೇಡಿ.

ಕೆಲವರು ಎಸ್‌ಒಸಿ 2 ವರದಿ, ಅಂದರೆ ಹೊರಗಿನ ಲೆಕ್ಕಪರಿಶೋಧಕರು ಭದ್ರತಾ ವ್ಯವಸ್ಥೆಯನ್ನು ಪರೀಕ್ಷಿಸಿ ಬರೆದ ವರದಿ, ಕೊಡುತ್ತಾರೆ. ಅದರಲ್ಲಿ ಮೊದಲ ಬಗೆಯದು ಒಂದು ನಿರ್ದಿಷ್ಟ ದಿನ ವ್ಯವಸ್ಥೆ ಹೇಗೆ ರೂಪುಗೊಂಡಿತ್ತು ಎಂಬುದನ್ನು ಮಾತ್ರ ಹೇಳುತ್ತದೆ. ಎರಡನೆಯ ಬಗೆಯದು ಹಲವು ತಿಂಗಳ ಅವಧಿಯಲ್ಲಿ ಅದು ನಿಜಕ್ಕೂ ನಡೆಯಿತೇ ಎಂದು ಪರೀಕ್ಷಿಸಿ ಬರೆದದ್ದು. ಎರಡನೆಯದನ್ನೇ ಕೇಳಿ. ಬಂದಾಗ ಮೊದಲ ಪುಟದ ಅಭಿಪ್ರಾಯಕ್ಕೆ ನಿಲ್ಲದೆ, ಪರೀಕ್ಷೆಯಲ್ಲಿ ಕಂಡ ವಿಚಲನೆಗಳ ಪಟ್ಟಿಗೆ ಹೋಗಿ. ‘ಕೆಲಸ ಬಿಟ್ಟ ನೌಕರರ ಖಾತೆಗಳನ್ನು ಸಮಯಕ್ಕೆ ಮುಚ್ಚಿರಲಿಲ್ಲ’ ಎಂಬಂಥ ಮಾತುಗಳು ಸಿಗುವುದು ಅಲ್ಲಿಯೇ.

## ಕೇಂದ್ರ ಸರ್ಕಾರದ ಸೈಬರ್ ಭದ್ರತಾ ಸಂಸ್ಥೆಯಾದ ಸರ್ಟ್-ಇನ್ ಮಾನ್ಯತೆ ಪಡೆದ ಸಂಸ್ಥೆಯ ತಪಾಸಣಾ ವರದಿಯಲ್ಲಿ ಏನು ನೋಡಬೇಕು?

ವರದಿ ಯಾವ ವಿಳಾಸದ ಮೇಲೆ, ಯಾವ ಆವೃತ್ತಿಯ ಮೇಲೆ, ಯಾವ ದಿನಾಂಕದಂದು ನಡೆದದ್ದು ಎಂಬುದನ್ನು. ಒಂದು ವರ್ಷಕ್ಕಿಂತ ಹಳೆಯದಾದರೆ, ಅಥವಾ ವರದಿಯಲ್ಲಿರುವುದು ಬೇರೊಂದು ತಂತ್ರಾಂಶವಾದರೆ, ಅದು ನಮಗೆ ಉಪಯೋಗವಿಲ್ಲ. ಮೊಬೈಲ್ ಆ್ಯಪ್ ಕೂಡ ಕೊಳ್ಳುತ್ತಿದ್ದರೆ ಅದೂ ತಪಾಸಣೆಯೊಳಗೆ ಇರಬೇಕು, ಬರೀ ಜಾಲತಾಣವಲ್ಲ. ಎಷ್ಟು ದೋಷಗಳು ಕಂಡವು, ಮರುಪರೀಕ್ಷೆಯಲ್ಲಿ ಎಷ್ಟು ಮುಚ್ಚಿದವು ಎಂಬ ಸಾರಾಂಶವನ್ನು ಕೇಳಬೇಕು. ಒಂದೂ ದೋಷವಿರಲಿಲ್ಲ ಎಂಬ ವರದಿಗಿಂತ, ಹತ್ತು ದೋಷ ಕಂಡು ಹತ್ತನ್ನೂ ಮುಚ್ಚಿದ ವರದಿ ನನಗೆ ಹೆಚ್ಚು ನಂಬಿಕೆ ಕೊಡುತ್ತದೆ.

ಒಂದು ಬಗೆಯ ದೋಷವನ್ನು ಹೆಸರಿಟ್ಟು ಪರೀಕ್ಷಿಸಬೇಕು ಎಂದು ಷರತ್ತಿನಲ್ಲೇ ಹೇಳಿ: ಒಬ್ಬ ಬಳಕೆದಾರರು ಇನ್ನೊಬ್ಬರ ಮಾಹಿತಿಯನ್ನು ನೋಡಲು ಆಗುತ್ತದೆಯೇ ಎಂಬುದು. ವೇತನ ಚೀಟಿ ತೆರೆದಾಗ ಬ್ರೌಸರಿನ ವಿಳಾಸ ಪಟ್ಟಿಯಲ್ಲಿ `/payslip?id=1042` ಎಂದು ಕಾಣುತ್ತದೆ ಎಂದುಕೊಳ್ಳಿ. 1042ನ್ನು ಅಳಿಸಿ 1043 ಎಂದು ಬರೆದು ಒತ್ತಿದಾಗ ಪಕ್ಕದ ಮೇಜಿನವರ ವೇತನ ಚೀಟಿ ತೆರೆದುಕೊಂಡರೆ, ಲಾಗಿನ್ ಪುಟ ಎಷ್ಟು ಭದ್ರವಾಗಿದ್ದರೂ ವ್ಯರ್ಥ. ಒಳಗೆ ಬಂದವರು ಯಾರು ಎಂದು ಸರ್ವರ್ ಕೇಳಿದೆ, ಈ ಚೀಟಿ ಅವರದು ಹೌದೇ ಎಂದು ಕೇಳಿಲ್ಲ. ತಾನೇ ತಾನಾಗಿ ಓಡುವ ತಪಾಸಣಾ ಉಪಕರಣಗಳಿಗೆ ಈ ದೋಷ ಸಾಮಾನ್ಯವಾಗಿ ಸಿಗುವುದಿಲ್ಲ, ಏಕೆಂದರೆ ಅವುಗಳ ಕಣ್ಣಿಗೆ ಎರಡೂ ಸರಿಯಾಗಿ ತೆರೆದ ಪುಟಗಳೇ. ಮನುಷ್ಯರು ಕುಳಿತು ಎರಡು ಖಾತೆಗಳಿಂದ ನೋಡಬೇಕು.

ಇದನ್ನು ಪ್ರಾತ್ಯಕ್ಷಿಕೆಯ ದಿನ ನಾವೇ ನೋಡಬಹುದು. ಎರಡು ಕಾಲ್ಪನಿಕ ಸಂಸ್ಥೆಗಳು, ಒಂದೊಂದರಲ್ಲಿ ಇಬ್ಬರು ಕಾಲ್ಪನಿಕ ನೌಕರರು ಇರುವ ಪರೀಕ್ಷಾ ಖಾತೆಗಳನ್ನು ಕೊಡಬೇಕು ಎಂದು ಟೆಂಡರಿನಲ್ಲಿ ಬರೆಯಿರಿ. ಮೊದಲನೆಯವರ ಖಾತೆಯಿಂದ ಅದೇ ಸಂಸ್ಥೆಯ ಸಹೋದ್ಯೋಗಿಯ ಚೀಟಿ, ಆಮೇಲೆ ಇನ್ನೊಂದು ಸಂಸ್ಥೆಯ ನೌಕರರ ಚೀಟಿ ತೆರೆಯಲು ಪ್ರಯತ್ನಿಸಿ. ಎರಡೂ ನಿರಾಕರಣೆಯಾಗಬೇಕು. ಬಿಡ್‌ದಾರರ ಲಿಖಿತ ಒಪ್ಪಿಗೆ ಇದ್ದಾಗ, ಕೊಟ್ಟ ಪರೀಕ್ಷಾ ಖಾತೆಗಳಲ್ಲಿ ಮಾತ್ರ ಇದನ್ನು ಮಾಡಬೇಕು. ಬೇರೆ ಗ್ರಾಹಕರು ಬಳಸುತ್ತಿರುವ ತಂತ್ರಾಂಶದ ಮೇಲೆ ಹೇಳದೆ ಕೇಳದೆ ಪ್ರಯೋಗ ನಡೆಸುವುದು ಕಾನೂನಿಗೆ ವಿರುದ್ಧ.

## ಲಾಗಿನ್ ಮತ್ತು ಅಧಿಕಾರಗಳ ಬಗ್ಗೆ ಎಷ್ಟು ಬರೆಯಬೇಕು?

ಪಾಸ್‌ವರ್ಡ್ ಎಷ್ಟು ಅಕ್ಷರ ಎಂಬುದಕ್ಕೆ ಅರ್ಧ ಪುಟ ಖರ್ಚು ಮಾಡುವ ಬದಲು, ವೇತನ ಶಾಖೆಯವರಿಗೆ ಮತ್ತು ನಿರ್ವಾಹಕರಿಗೆ ಎರಡು ಹಂತದ ದೃಢೀಕರಣ ಕಡ್ಡಾಯ, ಅದನ್ನು ತಾತ್ಕಾಲಿಕವಾಗಿಯೂ ಆರಿಸಲು ಬಾರದು ಎಂದು ಒಂದೇ ಸಾಲಿನಲ್ಲಿ ಬರೆಯಿರಿ. ಕಚೇರಿಯ ಇಮೇಲ್ ಖಾತೆಯಿಂದಲೇ ಲಾಗಿನ್ ಆಗುವ ವ್ಯವಸ್ಥೆ ಇದ್ದರೆ ಇನ್ನೂ ಒಳ್ಳೆಯದು, ಏಕೆಂದರೆ ನಿವೃತ್ತರಾದವರ ಇಮೇಲ್ ಮುಚ್ಚಿದ ಕೂಡಲೇ ಈ ಬಾಗಿಲೂ ಮುಚ್ಚುತ್ತದೆ. ಕೆಲವು ಪೂರೈಕೆದಾರರು ಈ ಸೌಲಭ್ಯವನ್ನು ದುಬಾರಿ ಶ್ರೇಣಿಯಲ್ಲಿ ಮಾತ್ರ ಕೊಡುತ್ತಾರೆ. ಆದ್ದರಿಂದ ‘ನಮೂದಿಸಿದ ದರದಲ್ಲೇ ಸೇರಿರಬೇಕು’ ಎಂಬ ಮಾತನ್ನು ಮರೆಯಬೇಡಿ.

ವೇತನ ತಂತ್ರಾಂಶದಲ್ಲಿ ನನಗೆ ಎಲ್ಲಕ್ಕಿಂತ ಹೆಚ್ಚು ಆತಂಕ ಕೊಡುವುದು ಬೇರೆಯದೇ ಒಂದು ಸಂಗತಿ: ಬ್ಯಾಂಕ್ ಖಾತೆ ಸಂಖ್ಯೆಯ ಬದಲಾವಣೆ. ಸಂಬಳ ಹೋಗುವ ಹಿಂದಿನ ದಿನ ನಾಲ್ಕು ನೌಕರರ ಖಾತೆ ಸಂಖ್ಯೆ ಬದಲಾಗಿ, ಹಣ ಬೇರೆಲ್ಲೋ ಹೋಗಿ, ಮರುದಿನ ಸಂಖ್ಯೆ ಮತ್ತೆ ಮೊದಲಿನಂತಾದರೆ ಯಾರಿಗೆ ಗೊತ್ತಾಗುತ್ತದೆ? ಒಳಗಿನವರು ಮಾಡಬಹುದು, ಶಾಖೆಯವರೊಬ್ಬರ ಪಾಸ್‌ವರ್ಡ್ ಕದ್ದ ಹೊರಗಿನವರೂ ಮಾಡಬಹುದು. ಇದಕ್ಕೆ ಬೇಕಾದ ಷರತ್ತುಗಳು ಕಷ್ಟದವಲ್ಲ. ಖಾತೆ ಸಂಖ್ಯೆಯನ್ನು ಒಬ್ಬರು ಬದಲಾಯಿಸಿದರೆ ಇನ್ನೊಬ್ಬರು ಒಪ್ಪಿದ ಮೇಲೆಯೇ ಜಾರಿಗೆ ಬರಬೇಕು. ಬದಲಾದ ಕೂಡಲೇ ಆ ನೌಕರರ ಮೊಬೈಲಿಗೆ ಸಂದೇಶ ಹೋಗಬೇಕು. ಹಳೆಯ ಸಂಖ್ಯೆ, ಹೊಸ ಸಂಖ್ಯೆ, ಯಾರು, ಯಾವಾಗ, ಯಾವ ಐಪಿ ವಿಳಾಸದಿಂದ ಎಂಬುದು ಲಾಗ್‌ನಲ್ಲಿ ದಾಖಲಾಗಬೇಕು. ಆ ಲಾಗ್ ಅನ್ನು ನಮ್ಮ ನಿರ್ವಾಹಕರೂ ಅಳಿಸುವಂತಿರಬಾರದು. ಸಂಬಳದ ಕಡತ ಬ್ಯಾಂಕಿಗೆ ಹೋಗುವ ಮೊದಲು, ಕಳೆದ ತಿಂಗಳಿಗೆ ಹೋಲಿಸಿದರೆ ಯಾರ ಯಾರ ಖಾತೆ ಬದಲಾಗಿದೆ ಎಂಬ ಪಟ್ಟಿ ಪರದೆಯ ಮೇಲೆ ಬರಬೇಕು. ಪ್ರಾತ್ಯಕ್ಷಿಕೆಯಲ್ಲಿ ಇದನ್ನು ಮಾಡಿ ತೋರಿಸಲು ಹೇಳಿ. ತೋರಿಸಲಾಗದವರಿಗೆ ಅಂಕವಿಲ್ಲ.

ಪೂರೈಕೆದಾರರ ಸಿಬ್ಬಂದಿಯ ಪ್ರವೇಶಕ್ಕೂ ಇದೇ ಅಳತೆ ಇರಲಿ. ಸಹಾಯ ಕೇಳಿ ನಾವು ದೂರು ದಾಖಲಿಸಿದಾಗ ಮಾತ್ರ, ನಿಗದಿತ ಸಮಯಕ್ಕೆ ಮಾತ್ರ, ಅವರವರ ಹೆಸರಿನ ಖಾತೆಯಿಂದ ಮಾತ್ರ ಒಳಗೆ ಬರಬೇಕು. ಆ ಭೇಟಿಯ ದಾಖಲೆ ನಮ್ಮ ಪರದೆಯಲ್ಲೇ ಕಾಣಬೇಕು.

## ಮಾಹಿತಿ ಭಾರತದಲ್ಲೇ ಇರಬೇಕು ಎಂದು ಬರೆಯುವುದು ಅಗತ್ಯವೇ?

2023ರ ಡಿಜಿಟಲ್ ವೈಯಕ್ತಿಕ ದತ್ತಾಂಶ ಸಂರಕ್ಷಣಾ ಕಾಯ್ದೆ ಎಲ್ಲ ವೈಯಕ್ತಿಕ ಮಾಹಿತಿಯೂ ದೇಶದೊಳಗೇ ಇರಬೇಕೆಂದು ಹೇಳುವುದಿಲ್ಲ. ಆದರೂ ಸಾರ್ವಜನಿಕ ಹೊಣೆಯಿರುವ ಸಂಸ್ಥೆ ಹಾಗೆ ಕೇಳುವುದು ಸರಿ, ದೇಶದೊಳಗಿನ ಕ್ಲೌಡ್ ಕೇಂದ್ರಗಳಿಗೆ ಈಗ ಕೊರತೆಯೂ ಇಲ್ಲ. ಬರೆಯುವಾಗ ಮುಖ್ಯ ಸರ್ವರಿಗೆ ನಿಲ್ಲಬೇಡಿ. ಬ್ಯಾಕಪ್ ಎಲ್ಲಿದೆ, ಲಾಗ್ ಎಲ್ಲಿದೆ, ಸಂದೇಶ ಮತ್ತು ಇಮೇಲ್ ಕಳುಹಿಸುವ ಮೂರನೆಯ ಸಂಸ್ಥೆಗೆ ಏನೇನು ಹೋಗುತ್ತದೆ, ವಿದೇಶದಲ್ಲಿ ಕುಳಿತ ಸಿಬ್ಬಂದಿ ನಮ್ಮ ಡೇಟಾಬೇಸನ್ನು ತೆರೆಯಬಲ್ಲರೇ ಎಂಬುದನ್ನೂ ಕೇಳಿ. ಈ ಮೂರನೆಯ ಸಂಸ್ಥೆಗಳ ಪಟ್ಟಿಯನ್ನು ಬಿಡ್ ಜೊತೆಗೇ ಪಡೆದು, ಹೊಸಬರನ್ನು ಸೇರಿಸುವ 30 ದಿನ ಮೊದಲು ತಿಳಿಸಬೇಕು ಎಂದು ಬರೆದರೆ ಸಾಕು.

ಲಾಗ್‌ಗಳ ಅವಧಿಯ ಬಗ್ಗೆ ಒಂದು ಮಾತು. 2022ರ ಏಪ್ರಿಲ್ 28ರ ಸರ್ಟ್-ಇನ್ ನಿರ್ದೇಶನಗಳು 180 ದಿನಗಳ ಲಾಗ್ ಇಟ್ಟುಕೊಳ್ಳಬೇಕೆನ್ನುತ್ತವೆ. ದತ್ತಾಂಶ ಸಂರಕ್ಷಣಾ ನಿಯಮಗಳು ಒಂದು ವರ್ಷ ಎನ್ನುತ್ತವೆ. ಟೆಂಡರಿನಲ್ಲಿ ಒಂದು ವರ್ಷ ಎಂದೇ ಬರೆಯಿರಿ.

## ಮಾಹಿತಿ ಸೋರಿದರೆ ಪೂರೈಕೆದಾರರು ಎಷ್ಟು ಹೊತ್ತಿನಲ್ಲಿ ನಮಗೆ ತಿಳಿಸಬೇಕು?

ನಾನು ಸೂಚಿಸುವುದು, ಅವರ ಗಮನಕ್ಕೆ ಬಂದ ನಾಲ್ಕು ಗಂಟೆಯೊಳಗೆ. ಕಾರಣ ಹೀಗಿದೆ. ಸರ್ಟ್-ಇನ್ ನಿರ್ದೇಶನದ ಪ್ರಕಾರ ಸೈಬರ್ ಘಟನೆ ಗಮನಕ್ಕೆ ಬಂದ ಆರು ಗಂಟೆಯೊಳಗೆ ವರದಿ ಮಾಡಬೇಕು. ಈ ಹೊಣೆ ಪೂರೈಕೆದಾರರ ಮೇಲೂ ಇದೆ, ತಿಳಿದ ಕ್ಷಣದಿಂದ ನಮ್ಮ ಮೇಲೂ ಇದೆ. ಅವರು ಎರಡು ದಿನ ಬಿಟ್ಟು ತಿಳಿಸಿದರೆ ನಮ್ಮ ಗಡಿಯಾರ ಆಗ ಆರಂಭವಾಗಬಹುದು, ಆದರೆ ಅಷ್ಟರಲ್ಲಿ 600 ಜನರ ಖಾತೆ ಸಂಖ್ಯೆಗಳು ಎರಡು ದಿನ ಹೊರಗಿದ್ದಿರುತ್ತವೆ.

ದತ್ತಾಂಶ ಸಂರಕ್ಷಣಾ ಕಾಯ್ದೆಯಲ್ಲಿ ನೌಕರರ ಮಾಹಿತಿಗೆ ಹೊಣೆಗಾರರು ನಾವೇ, ಪೂರೈಕೆದಾರರು ನಮ್ಮ ಪರವಾಗಿ ಕೆಲಸ ಮಾಡುವವರು. ಸೋರಿಕೆಯಾದರೆ ದತ್ತಾಂಶ ಸಂರಕ್ಷಣಾ ಮಂಡಳಿಗೂ ಬಾಧಿತ ನೌಕರರಿಗೂ ತಡಮಾಡದೆ ತಿಳಿಸಬೇಕಾದದ್ದು ನಾವು. ಮಂಡಳಿಗೆ ವಿವರವಾದ ವರದಿಗೆ 72 ಗಂಟೆ. ಸಮಂಜಸವಾದ ರಕ್ಷಣಾ ಕ್ರಮ ಕೈಗೊಳ್ಳದಿದ್ದರೆ ದಂಡ ₹250 ಕೋಟಿವರೆಗೆ ಹೋಗಬಹುದು. 2025ರ ನವೆಂಬರ್‌ನಲ್ಲಿ ಪ್ರಕಟವಾದ ನಿಯಮಗಳ ಪ್ರಕಾರ ಈ ಹೊಣೆಗಳು 18 ತಿಂಗಳ ನಂತರ, ಅಂದರೆ 2027ರ ಮೇ ತಿಂಗಳಿನಿಂದ ಅನ್ವಯಿಸುತ್ತವೆ. 2026ರಲ್ಲಿ ಸಹಿ ಹಾಕುವ ಮೂರು ವರ್ಷದ ಒಪ್ಪಂದದ ಹೆಚ್ಚಿನ ಭಾಗ ಆ ದಿನಾಂಕದ ಆಚೆ ಬೀಳುತ್ತದೆ. ‘ಇನ್ನೂ ಜಾರಿಯಾಗಿಲ್ಲವಲ್ಲ’ ಎಂದು ಬಿಟ್ಟರೆ ಒಪ್ಪಂದದ ನಡುವೆ ಷರತ್ತು ಸೇರಿಸಲು ಪೂರೈಕೆದಾರರನ್ನು ಬೇಡಿಕೊಳ್ಳಬೇಕಾಗುತ್ತದೆ.

ಷರತ್ತಿನಲ್ಲಿ ಗಂಟೆಯ ಲೆಕ್ಕದ ಜೊತೆ, ಮೊದಲ ಸುದ್ದಿಯಲ್ಲಿ ಏನಿರಬೇಕು ಎಂಬುದನ್ನೂ ಬರೆಯಿರಿ: ಏನಾಯಿತು, ಯಾವ ಬಗೆಯ ಮಾಹಿತಿ, ಅಂದಾಜು ಎಷ್ಟು ಜನರದ್ದು, ಈಗ ನಿಂತಿದೆಯೇ. ಎಲ್ಲವೂ ಖಚಿತವಾಗುವವರೆಗೆ ಕಾಯುವಂತಿಲ್ಲ ಎಂದೂ ಸೇರಿಸಿ. ಕರೆ ಮಾಡಬೇಕಾದವರನ್ನು ಹೆಸರಿನ ಬದಲು ಹುದ್ದೆಯಿಂದ ಗುರುತಿಸಿ. ಭಾನುವಾರ ರಾತ್ರಿಯೂ ಎತ್ತುವ ಒಂದು ದೂರವಾಣಿ ಸಂಖ್ಯೆ ಎರಡೂ ಕಡೆ ಇರಬೇಕು.

## ಶೇ 99.5 ಲಭ್ಯತೆ ಎಂದರೆ ಒಳ್ಳೆಯದೇ ಅಲ್ಲವೇ?

ಯಾವ ಅವಧಿಗೆ ಅಳೆಯುತ್ತಾರೆ ಎಂಬುದರ ಮೇಲೆ ನಿಂತಿದೆ. ತಿಂಗಳಿಗೆ ಅಳೆದರೆ, 30 ದಿನದ 720 ಗಂಟೆಗಳಲ್ಲಿ ಅರ್ಧ ಶೇಕಡ, ಅಂದರೆ 3 ಗಂಟೆ 36 ನಿಮಿಷ ನಿಲ್ಲಬಹುದು. ವರ್ಷಕ್ಕೆ ಅಳೆದರೆ ಅದು ಸುಮಾರು 44 ಗಂಟೆಯಾಗುತ್ತದೆ. ಅಷ್ಟೂ ಗಂಟೆ ತಿಂಗಳ 28 ಮತ್ತು 29ರಂದೇ ಬಂದರೂ ಪೂರೈಕೆದಾರರು ಷರತ್ತು ಮುರಿದಂತಾಗುವುದಿಲ್ಲ, ನಮ್ಮ ಸಂಬಳ ಮಾತ್ರ ನಿಲ್ಲುತ್ತದೆ. ಆದ್ದರಿಂದ ತಿಂಗಳಿಗೆ ಅಳೆಯಬೇಕು, ತಿಂಗಳ 25ರಿಂದ ಕೊನೆಯ ದಿನದವರೆಗೆ ಯೋಜಿತ ನಿರ್ವಹಣೆಗೂ ನಿಲ್ಲಿಸಬಾರದು ಎಂದು ಬರೆಯಿರಿ.

ಬ್ಯಾಕಪ್ಪಿಗೆ ಎರಡು ಅಂಕಿಗಳು ಬೇಕು. ಸರ್ವರ್ ಕೆಟ್ಟರೆ ಎಷ್ಟು ಹೊತ್ತಿನ ಕೆಲಸ ಕಳೆದುಹೋಗಬಹುದು, ಎಷ್ಟು ಹೊತ್ತಿನಲ್ಲಿ ಮತ್ತೆ ಎದ್ದು ನಿಲ್ಲಬೇಕು. ನಮ್ಮ ಸಂಸ್ಥೆಗೆ ಮೊದಲನೆಯದು ಒಂದು ಗಂಟೆ, ಎರಡನೆಯದು ಎಂಟು ಗಂಟೆ ಸಾಕು. ಇನ್ನೂ ಬಿಗಿ ಮಾಡಿದರೆ ದರ ಏರುತ್ತದೆ, ಲಾಭವಿಲ್ಲ. ಪುರಾವೆಯಾಗಿ ಕಳೆದ ಒಂದು ವರ್ಷದಲ್ಲಿ ಬ್ಯಾಕಪ್ಪಿನಿಂದ ಮರುಸ್ಥಾಪನೆ ಮಾಡಿ ನೋಡಿದ ದಿನಾಂಕ ಮತ್ತು ಅದಕ್ಕೆ ಹಿಡಿದ ಸಮಯದ ವರದಿಯನ್ನು ಕೇಳಿ. ‘ಪ್ರತಿದಿನ ಬ್ಯಾಕಪ್ ಆಗುತ್ತದೆ’ ಎಂಬ ಉತ್ತರ ಈ ಪ್ರಶ್ನೆಗೆ ಉತ್ತರವಲ್ಲ. ಒಂದು ಪ್ರತಿ, ಮುಖ್ಯ ವ್ಯವಸ್ಥೆಯ ನಿರ್ವಾಹಕರ ಪಾಸ್‌ವರ್ಡಿನಿಂದ ಅಳಿಸಲಾಗದ ಜಾಗದಲ್ಲಿರಬೇಕು. ಸುಲಿಗೆಗಾಗಿ ನುಗ್ಗುವವರು ಮೊದಲು ಹುಡುಕುವುದು ಬ್ಯಾಕಪ್‌ಗಳನ್ನೇ.

## ಇಷ್ಟೆಲ್ಲ ಕೇಳಿದರೆ ಸಣ್ಣ ಸಂಸ್ಥೆಗಳು ಬಿಡ್ ಹಾಕುವುದನ್ನೇ ಬಿಡುವುದಿಲ್ಲವೇ?

ಎಲ್ಲವನ್ನೂ ಅರ್ಹತಾ ಷರತ್ತಾಗಿ ಮಾಡಿದರೆ ಬಿಡುತ್ತಾರೆ. ಕೊನೆಗೆ ಒಂದೇ ಬಿಡ್ ಬಂದು ಟೆಂಡರ್ ರದ್ದಾಗುತ್ತದೆ, ಅಥವಾ ಯಾರದೋ ಅಳತೆಗೆ ಷರತ್ತು ಹೊಲಿದಿದ್ದೀರಿ ಎಂಬ ಆಕ್ಷೇಪ ಬರುತ್ತದೆ. ಕರ್ನಾಟಕ ಸಾರ್ವಜನಿಕ ಸಂಗ್ರಹಣೆಗಳಲ್ಲಿ ಪಾರದರ್ಶಕತೆ ಕಾಯ್ದೆ 1999 ಅನ್ವಯಿಸುವ ಸಂಸ್ಥೆಗಳಲ್ಲಿ ಮೌಲ್ಯಮಾಪನದ ಮಾನದಂಡವನ್ನು ಮೊದಲೇ ಪ್ರಕಟಿಸಬೇಕು. ಬಿಡ್ ತೆರೆದ ಮೇಲೆ ಹೊಸ ಷರತ್ತು ತರುವಂತಿಲ್ಲ.

ನಾನು ಐದನ್ನು ಮಾತ್ರ ಕಡ್ಡಾಯ ಮಾಡುತ್ತೇನೆ: ಬಿಡ್‌ದಾರರ ಸ್ವಂತ ತಂತ್ರಾಂಶದ ಮೇಲೆ ಒಂದು ವರ್ಷದೊಳಗಿನ ತಪಾಸಣಾ ವರದಿ, ಎರಡು ಹಂತದ ದೃಢೀಕರಣ, ಖಾತೆ ಬದಲಾವಣೆಗೆ ಇಬ್ಬರ ಒಪ್ಪಿಗೆ, ನಾಲ್ಕು ಗಂಟೆಯ ಸೂಚನೆ, ಒಪ್ಪಂದ ಮುಗಿದಾಗ ಮಾಹಿತಿ ಹಿಂದಿರುಗಿಸುವುದು. ಐಎಸ್‌ಒ ಪ್ರಮಾಣಪತ್ರ ಕಡ್ಡಾಯದ ಪಟ್ಟಿಯಲ್ಲಿಲ್ಲ ಎಂಬುದನ್ನು ಗಮನಿಸಿ. ಅದಕ್ಕೆ ತಾಂತ್ರಿಕ ಅಂಕ ಕೊಡಬಹುದು. ಚೆನ್ನಾಗಿ ಕಟ್ಟಿದ ತಂತ್ರಾಂಶವಿರುವ ಮೈಸೂರಿನ ಅಥವಾ ಹುಬ್ಬಳ್ಳಿಯ ಸಣ್ಣ ಸಂಸ್ಥೆಯೊಂದು ಪ್ರಮಾಣಪತ್ರ ಇಲ್ಲದ ಒಂದೇ ಕಾರಣಕ್ಕೆ ಹೊರಗುಳಿಯಬಾರದು. ಉಳಿದ ಷರತ್ತುಗಳಿಗೆ ‘ಇದೆ’, ‘ಭಾಗಶಃ ಇದೆ’, ‘ಇಲ್ಲ’ ಎಂಬ ಮೂರು ಉತ್ತರಗಳ ಜಾಗ ಬಿಡಿ, ‘ಇದೆ’ ಎಂದವರು ಪುರಾವೆಯ ಪುಟ ಸಂಖ್ಯೆ ಬರೆಯಬೇಕು. ಪುಟ ಸಂಖ್ಯೆ ಇಲ್ಲದ ‘ಇದೆ’ಗೆ ‘ಇಲ್ಲ’ ಎಂದೇ ಅಂಕ. ಬಿಡ್ ಪೂರ್ವ ಸಭೆಯಲ್ಲಿ ನಾಲ್ಕು ಜನ ಒಂದೇ ಷರತ್ತಿನ ಬಗ್ಗೆ ತಕರಾರು ತೆಗೆದರೆ ಕಿವಿಗೊಡಿ, ತಿದ್ದೋಲೆ ಹೊರಡಿಸಲು ಹಿಂಜರಿಯಬೇಡಿ.

## ತಪಾಸಣಾ ವರದಿ ಗೋಪ್ಯ, ಕೊಡಲಾಗುವುದಿಲ್ಲ ಎಂದರೆ?

ದೋಷಗಳ ಪೂರ್ತಿ ವಿವರವನ್ನು ಗೋಪ್ಯವಾಗಿಡುವುದು ನ್ಯಾಯವೇ. ಬಿಡ್ ಜೊತೆ ಸಾರಾಂಶ ಮತ್ತು ಮರುಪರೀಕ್ಷೆಯ ಪತ್ರ ಸಾಕು. ಪೂರ್ತಿ ವರದಿಯನ್ನು ಗೋಪ್ಯತೆಯ ಕರಾರಿಗೆ ಸಹಿ ಹಾಕಿ ಸಮಿತಿಯ ಸದಸ್ಯರು ಎದುರಿಗೆ ಕುಳಿತು ಓದಬಹುದು, ಪ್ರತಿ ಬೇಕಿಲ್ಲ. ಇದಕ್ಕೂ ಒಪ್ಪದವರಿಗೆ ಕಡ್ಡಾಯ ಷರತ್ತು ಪೂರೈಸಿಲ್ಲ ಎಂದೇ ಬರೆಯಬೇಕು.

## ಒಪ್ಪಂದ ಮುಗಿದ ಮೇಲಿನ ಷರತ್ತು ಈಗಲೇ ಏಕೆ?

ಮುಗಿಯುವ ಹೊತ್ತಿಗೆ ಪೂರೈಕೆದಾರರ ಕೈ ಮೇಲಾಗಿರುತ್ತದೆ. ಮೂರು ವರ್ಷದ ವೇತನದ ಇತಿಹಾಸ, ರಜೆಯ ಲೆಕ್ಕ, ತೆರಿಗೆಯ ದಾಖಲೆ ಎಲ್ಲವೂ ಅವರಲ್ಲಿರುತ್ತವೆ. ‘ವರದಿಗಳನ್ನು ಪಿಡಿಎಫ್‌ನಲ್ಲಿ ಇಳಿಸಿಕೊಳ್ಳಬಹುದು’ ಎಂಬ ಉತ್ತರ ಬರುತ್ತದೆ. 600 ಜನರ 36 ತಿಂಗಳ ವೇತನ ಚೀಟಿಗಳೆಂದರೆ 21,600 ಪಿಡಿಎಫ್‌ಗಳು. ಹೊಸ ತಂತ್ರಾಂಶಕ್ಕೆ ಅವು ಕಾಗದವಿದ್ದಂತೆ, ಒಳಗೆ ತುಂಬಲು ಬಾರದು.

ಆದ್ದರಿಂದ ಎಲ್ಲ ಕೋಷ್ಟಕಗಳನ್ನು ಸಿಎಸ್‌ವಿ ಕಡತಗಳಲ್ಲಿ, ಪ್ರತಿ ಕಾಲಮಿನ ಅರ್ಥ ವಿವರಿಸುವ ಹಾಳೆಯ ಜೊತೆ, ಲಗತ್ತು ಕಡತಗಳನ್ನು ನೌಕರರ ಸಂಖ್ಯೆಗೆ ಹೊಂದಿಸಿ, ಹೆಚ್ಚುವರಿ ಶುಲ್ಕವಿಲ್ಲದೆ ಕೊಡಬೇಕು ಎಂದು ಬರೆಯಿರಿ. ಕೊಟ್ಟದ್ದನ್ನು ನಾವು ಪರಿಶೀಲಿಸಿ ಲಿಖಿತವಾಗಿ ಒಪ್ಪಿದ 30 ದಿನದೊಳಗೆ ಅವರು ತಮ್ಮ ಪ್ರತಿಯನ್ನು ಅಳಿಸಬೇಕು. ಬ್ಯಾಕಪ್‌ಗಳಲ್ಲಿ ಉಳಿದದ್ದು ಯಾವ ದಿನಾಂಕಕ್ಕೆ ತಾನಾಗಿ ಅಳಿಯುತ್ತದೆ ಎಂದು ಪ್ರಮಾಣೀಕರಿಸಬೇಕು. ಒಪ್ಪುವ ಮೊದಲೇ ಅಳಿಸಿದರೆ ಕಳೆದುಕೊಳ್ಳುವವರು ನಾವು, ಆದ್ದರಿಂದ ಈ ಅನುಕ್ರಮ ಮುಖ್ಯ.

ಈ ಷರತ್ತನ್ನು ಮೂರನೆಯ ವರ್ಷದವರೆಗೆ ಪರೀಕ್ಷಿಸದೆ ಬಿಡಬೇಡಿ. ಮೊದಲ ಆರು ತಿಂಗಳಲ್ಲೇ ಒಮ್ಮೆ ಪೂರ್ತಿ ಮಾಹಿತಿಯನ್ನು ಹೊರತೆಗೆದು ಕೊಡಲು ಹೇಳಿ, ಎರಡನೆಯ ಕಂತನ್ನು ಅದಕ್ಕೆ ಜೋಡಿಸಿ. ಬಂದ ಕಡತದಿಂದ ಹತ್ತು ನೌಕರರನ್ನು ಆರಿಸಿ ಒಂದು ತಿಂಗಳ ನಿವ್ವಳ ವೇತನವನ್ನು ಎಕ್ಸೆಲ್‌ನಲ್ಲಿ ಕೂಡಿಸಿ, ಬ್ಯಾಂಕಿಗೆ ಹೋದ ಮೊತ್ತಕ್ಕೆ ತಾಳೆ ನೋಡಿ. ತಾಳೆಯಾಗದಿದ್ದರೆ ಯಾವುದೋ ಕಾಲಮ್ ಬಿಟ್ಟುಹೋಗಿದೆ. ಸಾಮಾನ್ಯವಾಗಿ ಅದು ಹಿಂಬಾಕಿ ಅಥವಾ ಮುಂಗಡದ ಕಡಿತವಾಗಿರುತ್ತದೆ, ಅಲ್ಲಿಂದಲೇ ಹುಡುಕಲು ಆರಂಭಿಸಿ.